ಅರ್ದಾಸ್: ಯಾವಾಗ ನಿಲ್ಲಬೇಕು, ಯಾವಾಗ ಕೂರಬೇಕು

"ಗುರುದ್ವಾರದಲ್ಲಿ ಕೊನೆಗೆ ಎಲ್ಲರೂ ಎದ್ದು ನಿಂತರು, ಬಗ್ಗಿದರು, ಮತ್ತೆ ನಿಂತರು. ಏನು ನಡೀತಿತ್ತು?"

ಅದು ಅರ್ದಾಸ್, ಸಿಖ್ಖರು ಒಟ್ಟಾಗಿ ನಿಂತು ಮಾಡುವ ಪ್ರಾರ್ಥನೆ. ಆನಂದ್ ಸಾಹಿಬ್ ಎಂಬ ಸ್ತುತಿಗೀತೆ ಹಾಡುವವರೆಗೆ ಕೂತಿರುತ್ತಾರೆ. ಆಮೇಲೆ ಎಲ್ಲರೂ ಸಿಖ್ಖರ ಪವಿತ್ರ ಗ್ರಂಥವಾದ ಗುರು ಗ್ರಂಥ ಸಾಹಿಬ್ ಕಡೆ ಕೈಮುಗಿದು ನಿಲ್ಲುತ್ತಾರೆ. ಚಾಮರ ಬೀಸುವವರೂ ನಿಂತೇ ಬೀಸಬೇಕು.

ಒಬ್ಬರು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಶುರುವಿನ ಸಾಲುಗಳು ಹತ್ತನೇ ಗುರು ಗೋಬಿಂದ್ ಸಿಂಗ್ ಅವರ ರಚನೆಯಿಂದ ಬಂದವು. ಅಲ್ಲಿ ಗುರುಗಳ ಸ್ಮರಣೆ. ನಂತರ ಪಂಜ್ ಪ್ಯಾರೆ ಎನಿಸಿದ ಮೊದಲ ಐವರು ಖಾಲ್ಸಾ ಸಿಖ್ಖರು, ಸಾಹಿಬ್‌ಜಾದೆ ಎನಿಸಿದ ಗುರು ಗೋಬಿಂದ್ ಸಿಂಗ್ ಅವರ ನಾಲ್ವರು ಮಕ್ಕಳು, ಧರ್ಮಕ್ಕಾಗಿ ಪ್ರಾಣ ಕೊಟ್ಟವರ ನೆನಪು. ಪ್ರತಿ ಭಾಗ ಮುಗಿದಾಗ ಎಲ್ಲರೂ ದೇವರನ್ನು ನೆನೆದು "ವಾಹೆಗುರು" ಅನ್ನುತ್ತಾರೆ. ನೀವೂ ಅನ್ನಬಹುದು.

ಆ ದಿನದ ಕೋರಿಕೆ ಕೊನೆಯ ಹೊತ್ತಿಗೆ ಬರುತ್ತದೆ. ಮಗುವಿಗೆ ಹೆಸರಿಡುವ ದಿನವಾದರೆ ಅದನ್ನು ಇಲ್ಲೇ ಹೇಳುತ್ತಾರೆ. ಈ ಭಾಗದ ಮಾತು ಬದಲಾಗುತ್ತದೆ. ಆದರೆ ಶುರುವಿನ ಪದ್ಯವನ್ನೂ ಎಲ್ಲರ ಒಳಿತು ಬೇಡುವ "ನಾನಕ್ ನಾಮ್ ಚಡ್‌ದಿ ಕಲಾ, ತೇರೆ ಭಾಣೆ ಸರ್‌ಬತ್ ದಾ ಭಲಾ" ಎಂಬ ಕೊನೆಯ ಸಾಲನ್ನೂ ಬದಲಿಸುವಂತಿಲ್ಲ.

ಈ ಸಾಲು ಕೇಳಿದ ಕೂಡಲೇ ಹಣೆ ನೆಲಕ್ಕೆ ಮುಟ್ಟಿಸಿ ನಮಸ್ಕರಿಸುತ್ತಾರೆ. ಆಗಲೇ ಕೂತುಬಿಡಬೇಡಿ. ಮತ್ತೆ ಎದ್ದು ಜಯಘೋಷ ಆಗಬೇಕು. "ಬೋಲೇ ಸೋ ನಿಹಾಲ್" ಅಂದಾಗ "ಸತ್ ಶ್ರೀ ಅಕಾಲ್" ಅಂತ ಉತ್ತರಿಸಿ, ಆಮೇಲೆ ಕೂತು ಗ್ರಂಥದಿಂದ ಓದುವ ಆ ಹೊತ್ತಿನ ಸಂದೇಶವಾದ ಹುಕಮ್‌ನಾಮಾ ಕೇಳಿ.