ಎರಡು ದಿನ ಖಾತೆಯ ಮೊತ್ತ ಇಳಿದರೂ ಎಣಿಕೆ ಹೊಸದು

“ನಮ್ಮದು ಚನ್ನಗಿರಿ. ಯುಕೆ ಸ್ಟೂಡೆಂಟ್ ವೀಸಾಗೆ ಖಾತೆಯಲ್ಲಿ 25 ಲಕ್ಷ ತೋರಿಸಬೇಕು. ಅಡಿಕೆ ದುಡ್ಡು ಬಂದು ಜೂನ್ 3ಕ್ಕೆ ಅಪ್ಪನ ಖಾತೆಯಲ್ಲಿ 26 ಲಕ್ಷ ಆಯ್ತು. 12ಕ್ಕೆ ಒಂದೂವರೆ ಲಕ್ಷ ತೆಗೆದು 14ಕ್ಕೆ ವಾಪಸ್ ಕಟ್ಟಿದ್ವಿ. ಜುಲೈ 2ಕ್ಕೆ ಅರ್ಜಿ ಹಾಕಬಹುದಾ?”

ಬೇಡ, ಆ ತೆಗೆದ ದುಡ್ಡೇ ತೊಡಕು. ಸತತ 28 ದಿನ, ಒಂದು ದಿನವೂ ಖಾತೆಯ ಮೊತ್ತ 25 ಲಕ್ಷಕ್ಕಿಂತ ಕೆಳಗಿಳಿಯಬಾರದು. ನಿಮ್ಮದು 24.5ಕ್ಕೆ ಇಳಿದಿದ್ದರಿಂದ ಎಣಿಕೆ ಜೂನ್ 14ರಿಂದ ಮತ್ತೆ ಶುರು, 28ನೇ ದಿನ ಜುಲೈ 11. ಅಂದಿನ ವಹಿವಾಟೂ ಸೇರುವಂತೆ ಸ್ಟೇಟ್‌ಮೆಂಟನ್ನು 12ಕ್ಕೆ ತೆಗೆಸಿ. ಅದರ ಕೊನೆಯ ದಿನಾಂಕದಿಂದ 31 ದಿನದೊಳಗೆ ಅರ್ಜಿ ಹಾಕಿ.

ಅಲ್ಲಿಯವರೆಗೆ ಆ ಖಾತೆ ಮುಟ್ಟಬೇಡಿ. ಪೌಂಡ್ ದರ ಏರಿದರೆ ರೂಪಾಯಿ ಲೆಕ್ಕವೂ ಏರುತ್ತದೆ, ಹಾಗಾಗಿ ಆ ಹೆಚ್ಚುವರಿ ಒಂದು ಲಕ್ಷವೂ ಇರಲಿ.

ಒಮ್ಮೆಲೇ ಬಂದ ಮೊತ್ತ ಎಲ್ಲಿಯದು ಅಂತ ಕೇಳಬಹುದು. ಮಂಡಿಯ ಮಾರಾಟದ ಪಟ್ಟಿ, ಪಹಣಿ ಇಟ್ಟುಕೊಳ್ಳಿ. ಪಟ್ಟಿಯ ಮೊತ್ತವೂ ಜಮಾ ಮೊತ್ತವೂ ತಾಳೆಯಾಗಬೇಕು. ಖಾತೆ ಅಪ್ಪನದಾದ್ದರಿಂದ ನಿಮ್ಮ ಜನನ ಪ್ರಮಾಣಪತ್ರ, ಅವರ ಸಹಿಯ ಒಪ್ಪಿಗೆ ಪತ್ರ ಎರಡೂ ಬೇಕು.