ಫ್ರೀ ಟ್ರಯಲ್ ಮುಗಿಯುವ ಮುಂಚೆ ಮೆಸೇಜ್ ಹೋಗುವುದು ಯಾರಿಗೆ?

«ಏಳು ದಿನ ಫ್ರೀ ಅಂತ ಮಗನಿಗೆ ಕಲಿಕೆಯ ಆ್ಯಪ್ ಹಾಕಿಕೊಟ್ಟೆ. ವಾರ ಕಳೆದದ್ದೇ 1,499 ರೂಪಾಯಿ ಹೋಯಿತು. ಮುಂಚೆ ಒಂದು ಮೆಸೇಜೂ ಇಲ್ಲ. ಹೀಗೂ ಮಾಡಬಹುದಾ? ಹಣ ವಾಪಸ್ ಸಿಗುತ್ತಾ?»

ಮೆಸೇಜ್ ಬಂದಿರುವ ಸಾಧ್ಯತೆಯೇ ಜಾಸ್ತಿ. ಆದರೆ ಅದು ಬೇರೆ ಫೋನಿಗೆ ಹೋಗಿರಬಹುದು.

ಬದಿಯಡ್ಕದಲ್ಲಿ ನನ್ನದೊಂದು ಮೊಬೈಲ್ ಅಂಗಡಿ ಇದೆ. ಪೆರ್ಲದ ಟೀಚರ್ ಒಬ್ಬರು ಇದೇ ದೂರು ಹೇಳಿಕೊಂಡು ಬಂದಿದ್ದರು. ಆ್ಯಪ್ ಇದ್ದದ್ದು ಮಗನ ಫೋನಿನಲ್ಲಿ, ಅವನ ಜಿಮೇಲ್‌ನಲ್ಲಿ. ಒಪ್ಪಿಗೆ ಕೊಟ್ಟದ್ದು ಮಂಗಳೂರಿನಲ್ಲಿರುವ ಗಂಡ, ತಮ್ಮ ಯುಪಿಐನಿಂದ. ಕಂಪನಿಯ ಮೇಲ್ ಮಗನ Promotions ಒಳಗೆ ಓದದೆ ಬಿದ್ದಿತ್ತು. ಬ್ಯಾಂಕಿನ ಎಸ್ಸೆಮ್ಮೆಸ್ ಹಿಂದಿನ ದಿನವೇ ಗಂಡನಿಗೆ ಹೋಗಿತ್ತು. ಅವರು ಅದನ್ನು ಜಾಹೀರಾತು ಅಂದುಕೊಂಡಿದ್ದರು. ಬಟನ್ ಒತ್ತಿದ ಟೀಚರ್‌ಗೆ ಮಾತ್ರ ಏನೂ ಬಂದಿರಲಿಲ್ಲ.

ಕಂಪನಿಯ ಮೇಲ್ ನಂಬಿ ಕೂರಬೇಡಿ. ಕಳಿಸುವವರೂ ಇದ್ದಾರೆ, ಕಳಿಸದವರೂ ಇದ್ದಾರೆ. ಬ್ಯಾಂಕಿನದು ಹಾಗಲ್ಲ. ಹಣ ಕಡಿತವಾಗುವ 24 ಗಂಟೆ ಮೊದಲಾದರೂ ಕಂಪನಿಯ ಹೆಸರು, ಮೊತ್ತ, ದಿನ ತಿಳಿಸಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಖಾತೆಗೆ ಯಾರ ನಂಬರ್ ಕೊಟ್ಟಿದ್ದೀರೋ ಅಲ್ಲಿಗೇ ಅದು ಬರುತ್ತದೆ.

ಟ್ರಯಲ್ ಶುರು ಮಾಡುವಾಗ ಒಂದೋ ಎರಡೋ ರೂಪಾಯಿಗೆ ಪಿನ್ ಕೇಳಿತ್ತು ಅಲ್ವಾ? ಆ ಚಿಲ್ಲರೆ ಹಣ ಮುಖ್ಯವಲ್ಲ. ಆ ಪಿನ್ ಹಾಕಿದಾಗ ಆಟೋಪೇ ಒಪ್ಪಿಗೆ ಹೋಯಿತು. ಆಮೇಲೆ 15,000 ರೂಪಾಯಿವರೆಗಿನ ಕಂತಿಗೆ ಮತ್ತೆ ಪಿನ್ ಬೇಡ. ಅದೇ ಪರದೆಯಲ್ಲಿ ಗರಿಷ್ಠ ಮೊತ್ತ, ಎಷ್ಟು ದಿನಕ್ಕೊಮ್ಮೆ, ಯಾವಾಗಿನವರೆಗೆ ಎಂದೂ ಇರುತ್ತದೆ. ಸಣ್ಣ ಅಕ್ಷರ, ಅದೂ ಇಂಗ್ಲಿಷ್. ಮನೆಯವರು ಓದದೆ ಪಿನ್ ಹಾಕುವುದು ಅದಕ್ಕೇ.

ಈಗ ಮೊದಲು, ಪಿನ್ ಹಾಕಿದವರ ಯುಪಿಐ ಆ್ಯಪ್‌ನಲ್ಲಿ Autopay ತೆರೆದು ಆ ಒಪ್ಪಿಗೆಯನ್ನು ರದ್ದು ಮಾಡಿಸಿ. ಆ್ಯಪ್ ಡಿಲೀಟ್ ಮಾಡಿದರೆ ಆಟೋಪೇ ನಿಲ್ಲುವುದಿಲ್ಲ, ಮುಂದಿನ ಕಂತೂ ಹೋಗುತ್ತದೆ. ಪ್ಲೇ ಸ್ಟೋರ್ ಮೂಲಕ ತೆಗೆದುಕೊಂಡಿದ್ದರೆ ಅಲ್ಲಿನ Subscriptions ಒಳಗೂ ರದ್ದು ಮಾಡಿ. ಹಣ ಹೋಗಿ 48 ಗಂಟೆ ಆಗಿಲ್ಲದಿದ್ದರೆ ಗೂಗಲ್‌ನಲ್ಲೇ ರೀಫಂಡ್ ಕೇಳಬಹುದು. ತಡವಾಗಿದ್ದರೆ ಕಂಪನಿಗೇ ಬರೆಯಬೇಕು. ಯುಪಿಐ ವಹಿವಾಟಿನ ನಂಬರ್ ಹಾಕಿ, ಹಣ ಹೋದ ಮೇಲೆ ಆ್ಯಪ್ ಬಳಸಿಲ್ಲ ಎಂಬುದು ನಿಜವಾದರೆ ಅದನ್ನೂ ಬರೆಯಿರಿ.

ಹೀಗೆ ಮಾಡಬಹುದಾ ಅಂದರೆ, ಫ್ರೀ ಸೇವೆ ಕೊಡಲು ಆಟೋಪೇ ಒಪ್ಪಿಗೆಯನ್ನು ಬಲವಂತವಾಗಿ ಪಡೆಯುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನ ಮಾರ್ಗಸೂಚಿಯಲ್ಲಿ ಚಂದಾ ಬಲೆ ಎಂದೇ ಸೇರಿಸಿದೆ. ಕಂಪನಿ ಒಪ್ಪದಿದ್ದರೆ ಈ ಮಾತು ಹೇಳಿ, 1915ಕ್ಕೆ ಕರೆ ಮಾಡಿ ದೂರು ಕೊಡಿ.