ಮದುವೆ ಊಟದ ನಂತರ ವಾಂತಿ, ಭೇದಿ

"ನಿನ್ನೆ ಆಳಂದದಲ್ಲಿ ಮದುವೆ ಊಟ ಮಾಡಿದ 3 ತಾಸಿಗೆ ವಾಂತಿ, ಭೇದಿ ಶುರು. ಏನು ತಿನ್ನಲಿ? ರೊಟ್ಟಿ ಯಾವಾಗ?"

ಇಷ್ಟು ಬೇಗ ಶುರುವಾದರೆ, ಸೆಕೆಯಲ್ಲಿ ಬಹಳ ಹೊತ್ತು ಇಟ್ಟ ಅನ್ನ ಅಥವಾ ಹಾಲಿನ ಸಿಹಿಯಲ್ಲಿ ಬ್ಯಾಕ್ಟೀರಿಯಾ ಬಿಟ್ಟ ವಿಷವೇ ಕಾರಣ ಇರಬಹುದು. ಬಿಸಿ ಮಾಡಿದರೂ ಆ ವಿಷ ಹೋಗದು, ಕಟ್ಟಿ ತಂದದ್ದನ್ನು ಚೆಲ್ಲಿಬಿಡಿ.

ವಾಂತಿಯಾದ ಮೇಲೆ 10 ನಿಮಿಷ ಬಿಡಿ. ಕುದಿಸಿ ಆರಿಸಿದ 1 ಲೀಟರ್ ನೀರಿಗೆ ದೊಡ್ಡ ಓಆರ್‌ಎಸ್ ಪ್ಯಾಕೆಟ್ ಪೂರ್ತಿ ಹಾಕಿ, ಚಮಚದಲ್ಲಿ ಕುಡಿಯಿರಿ. ಗಟಗಟ ಕುಡಿದರೆ ಮತ್ತೆ ವಾಂತಿ ಆಗುತ್ತದೆ. ವಾಂತಿ ನಿಂತು ಹಸಿವಾದರೆ ಗಂಜಿ, ಮೆತ್ತನ್ನ, ಬಾಳೆಹಣ್ಣು ತಿನ್ನಿ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಚಹಾ, ಹಾಲು ಮಾತ್ರ ಭೇದಿ ನಿಲ್ಲುವ ತನಕ ಬೇಡ.

ಸಾಮಾನ್ಯವಾಗಿ 1–2 ದಿನದಲ್ಲಿ ಇಳಿಯುತ್ತದೆ. ಭೇದಿಯಲ್ಲಿ ರಕ್ತ, ಜೋರು ಜ್ವರ, ನೀರೂ ನಿಲ್ಲದ ವಾಂತಿ ಇದ್ದರೆ, ಅಥವಾ 8 ತಾಸು ಮೂತ್ರ ಬರದಿದ್ದರೆ, ಕಾಯದೆ ಆಸ್ಪತ್ರೆಗೆ ಹೋಗಿ. ರಕ್ತ, ಜ್ವರ ಇದ್ದಾಗ ಭೇದಿ ನಿಲ್ಲಿಸುವ ಗುಳಿಗೆ ಸುಮ್ನೆ ನುಂಗಬೇಡಿ.